ಕ್ಯಾಂಟೀನಿನ ಸುಳ್ಳು ಉಳಿತಾಯ

ಒಂದು ಖಾಸಗಿ ಪ್ರೌಢಶಾಲೆಯ ಕ್ಯಾಂಟೀನ್ ಇದೆ ಎಂದುಕೊಳ್ಳಿ. ಫೆಬ್ರವರಿಯಲ್ಲಿ 10,000 ಪ್ಲೇಟ್ ರೈಸ್‌ಬಾತ್, ಚಿತ್ರಾನ್ನ ಖರ್ಚಾಗುತ್ತದೆಂದು ಬಜೆಟ್ ಬರೆದಿದ್ದರು. ಪ್ಲೇಟಿಗೆ 40 ರೂಪಾಯಿ. ಅದರಲ್ಲಿ ದಿನಸಿಗೆ 22, ಗ್ಯಾಸಿಗೆ 3. ಸಂಬಳ, ಬಾಡಿಗೆ, ಕರೆಂಟು ಸೇರಿ ತಿಂಗಳಿಗೆ 1,10,000. ಎಲ್ಲ ಕಳೆದು 40,000 ಲಾಭ ಉಳಿಯಬೇಕಿತ್ತು. ಆದರೆ ಪೂರ್ವಸಿದ್ಧತಾ ಪರೀಕ್ಷೆ ಬಂತು, ಮಕ್ಕಳು ಊಟದ ಹೊತ್ತಿಗೆ ಮೊದಲೇ ಮನೆಗೆ ಹೊರಟರು. ಹೋದದ್ದು 6,500 ಪ್ಲೇಟು. ಕೈಗೆ ಬಂದದ್ದು 24,500 ರೂಪಾಯಿ ನಷ್ಟ.

ಲೆಕ್ಕದ ಹಾಳೆಯಲ್ಲಿ ದಿನಸಿಯ ಸಾಲೊಂದೇ ಆಡಳಿತ ಮಂಡಳಿಗೆ ಸಮಾಧಾನ ಕೊಟ್ಟೀತು: ಬಜೆಟ್ 2,20,000, ಖರ್ಚು 1,56,000. ಅಡುಗೆಯವರು 64,000 ಉಳಿಸಿದರಲ್ಲ! ಉಳಿಸಿಲ್ಲ. ಬೇಯಿಸದ ಅನ್ನಕ್ಕೆ ಅಕ್ಕಿ ಖರ್ಚಾಗಲಿಲ್ಲ, ಅಷ್ಟೆ.

ಫ್ಲೆಕ್ಸಿಬಲ್ ಬಜೆಟ್ ಕೇಳುವ ಪ್ರಶ್ನೆಯೇ ಬೇರೆ: 6,500 ಪ್ಲೇಟೇ ಹೋಗುವುದೆಂದು ಮೊದಲೇ ತಿಳಿದಿದ್ದರೆ ಏನು ಬರೆಯುತ್ತಿದ್ದೆವು? ಮಾರಾಟ 2,60,000. ದಿನಸಿ 1,43,000, ಗ್ಯಾಸ್ 19,500. ಸಂಬಳ, ಬಾಡಿಗೆಯ 1,10,000 ಕದಲುವುದಿಲ್ಲ. ಅಂದರೆ 12,500 ನಷ್ಟ ಹೇಗೂ ಆಗುತ್ತಿತ್ತು. 40,000 ಲಾಭದಿಂದ ಇಲ್ಲಿಯವರೆಗಿನ 52,500ರ ಕುಸಿತಕ್ಕೆ ಕಾರಣ ಪರೀಕ್ಷೆಯ ವೇಳಾಪಟ್ಟಿ. ಪ್ಲೇಟಿಗೆ ಉಳಿಯುವ 15 ರೂಪಾಯಿಯನ್ನು ಹೋಗದ 3,500 ಪ್ಲೇಟಿನಿಂದ ಗುಣಿಸಿ ನೋಡಿ, ಅದೇ ಮೊತ್ತ. ಅದಕ್ಕೆ ಅಡುಗೆಮನೆಯನ್ನು ದೂರುವಂತಿಲ್ಲ.

ಉಳಿದ 12,000ಕ್ಕೆ ಮಾತ್ರ ಅಡುಗೆಮನೆ ಉತ್ತರ ಹೇಳಬೇಕು. ದಿನಸಿಗೆ 13,000 ಹೆಚ್ಚು, ಗ್ಯಾಸಿಗೆ 1,000 ಹೆಚ್ಚು ಖರ್ಚಾಗಿದೆ. ಸಹಾಯಕಿಯೊಬ್ಬರು ರಜೆ ಹಾಕಿದ್ದರಿಂದ ಸಂಬಳದಲ್ಲಿ 2,000 ಉಳಿದಿದೆ. ಉಳಿತಾಯವೆಂದು ಕಂಡ ಸಾಲಿನಲ್ಲೇ ಸೋರಿಕೆ ಇತ್ತು.

ಎಣ್ಣೆ, ಬೇಳೆಯ ದರ ಏರಿತೇ? ಬಿಲ್ಲುಗಳಲ್ಲಿ ಹಾಗೇನೂ ಇಲ್ಲ. ಅಡುಗೆಯವರ ನೋಟ್‌ಬುಕ್ಕಿನಲ್ಲಿ ಬೇಯಿಸಿದ್ದು ಸುಮಾರು 7,100 ಪ್ಲೇಟಿನಷ್ಟು ಎಂದಿದೆ. ಪ್ಲೇಟಿಗೆ 22ರಂತೆ 1,56,200. ಖರ್ಚಾದ ಹಣಕ್ಕೂ ಇದಕ್ಕೂ ಸರಿಯಾಗಿ ತಾಳೆಯಾಗುತ್ತದೆ. ಅಳತೆ ತಪ್ಪಿಲ್ಲ, ದರ ತಪ್ಪಿಲ್ಲ. 600 ಪ್ಲೇಟು ಮಾಡಿಟ್ಟು, ತಿನ್ನುವವರಿಲ್ಲದೆ ಚೆಲ್ಲಿದ್ದು.

ಇಲ್ಲೇ ಲೆಕ್ಕಿಗರೂ ಎಡವುವುದುಂಟು. ಬಜೆಟ್ಟನ್ನು ಮಾರಿದ ಪ್ಲೇಟಿನ ಬದಲು ಬೇಯಿಸಿದ ಪ್ಲೇಟಿಗೆ ಹೊಂದಿಸಿದರೆ, ಹಾಳೆ 200 ರೂಪಾಯಿ ಉಳಿತಾಯ ತೋರಿಸಿ ಸುಮ್ಮನಾಗುತ್ತದೆ. ಚೆಲ್ಲಿದ ಅನ್ನ ಎಲ್ಲೂ ಕಾಣುವುದಿಲ್ಲ. ಆದ್ದರಿಂದ ಎಣಿಸಬೇಕಾದದ್ದು ಟೋಕನ್ನು, ಪಾತ್ರೆಯನ್ನಲ್ಲ.

ಗ್ಯಾಸಿನ 1,000ವನ್ನು ನಾನಾದರೆ ಕೆದಕುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಅಕ್ಕಿ ಕಡಿಮೆಯಾಯಿತೆಂದು ಉರಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಪ್ಲೇಟಿಗೆ 3 ಎಂಬುದೇ ಅಂದಾಜು. ಸಂಬಳವೂ ಹೀಗೆಯೇ: ಮಾರಾಟ 4,000ಕ್ಕೆ ಇಳಿದರೆ ಒಬ್ಬ ಸಹಾಯಕಿ ಬೇಕಾಗದೇ ಇರಬಹುದು, ಆಗ 1,10,000 ಸ್ಥಿರವೆನ್ನಲಾಗದು. ಸದ್ಯಕ್ಕೆ ಬೆಳಗಿನ ಹಾಜರಿ ಎಷ್ಟು, ಮಕ್ಕಳನ್ನು ಎಷ್ಟು ಗಂಟೆಗೆ ಬಿಡುತ್ತಾರೆ ಎಂಬುದು ಅಕ್ಕಿ ತೊಳೆಯುವ ಮುಂಚೆ ಅಡುಗೆಮನೆಗೆ ತಿಳಿದರೆ ಸಾಕು.