ಷೇರು ನಿಮ್ಮದು, ಮಾರುವ ಹೊತ್ತು ಬ್ರೋಕರ್‌ನದು

ಮೊಬೈಲಿನಲ್ಲಿ ಷೇರು ಕೊಳ್ಳಲು ಹೋದರೆ ಈಗ ಎಷ್ಟೋ ಆ್ಯಪ್‌ಗಳಲ್ಲಿ ಮೊತ್ತದ ಪಕ್ಕದಲ್ಲೇ MTF ಎಂಬ ಗುಂಡಿ ಇರುತ್ತದೆ. ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ ಎಂಬುದರ ಚುಟುಕು ಅದು. ಅದನ್ನು ಒತ್ತಿದರೆ ಐದು ಲಕ್ಷದ ಷೇರಿಗೆ ನೀವು ಎರಡೂವರೆ ಲಕ್ಷ ಕೊಟ್ಟರೆ ಸಾಕು. ಉಳಿದದ್ದನ್ನು ಬ್ರೋಕರ್ ಹಾಕುತ್ತಾನೆ. ಕೊಂಡ ಷೇರುಗಳು ಅವನ ಬಳಿ ಅಡ ಬೀಳುತ್ತವೆ. ಬ್ಯಾಂಕಿಗೆ ಅಲೆಯಬೇಕಿಲ್ಲ, ಜಾಮೀನುದಾರರನ್ನು ಹುಡುಕಬೇಕಿಲ್ಲ. ಸಾಲ ಮಾಡಿದೆವು ಎಂದು ಎಷ್ಟೋ ಜನರಿಗೆ ಅನ್ನಿಸುವುದೂ ಇಲ್ಲ.

ದಾವಣಗೆರೆಯ ಮೇಷ್ಟ್ರೊಬ್ಬರು ಹೀಗೆಯೇ ₹500ರ ಸಾವಿರ ಷೇರು ಕೊಂಡರು ಎಂದುಕೊಳ್ಳೋಣ. ಅವರ ದುಡ್ಡು ಎರಡೂವರೆ ಲಕ್ಷ, ಸಾಲವೂ ಅಷ್ಟೇ. ಬೆಲೆ ಶೇ 20 ಏರಿದರೆ ಒಂದು ಲಕ್ಷ ಲಾಭ. ಸ್ವಂತ ದುಡ್ಡಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ 40. ಜನ ಈ ಗುಂಡಿ ಒತ್ತುವುದು ಈ ಲೆಕ್ಕ ನೋಡಿಯೇ. ಆದರೆ ಬಡ್ಡಿ ಬೆಲೆ ಏರಲಿ ಎಂದು ಕಾಯುವುದಿಲ್ಲ. ವರ್ಷಕ್ಕೆ ಶೇ 15ರ ದರವಾದರೆ ದಿನಕ್ಕೆ ನೂರು ರೂಪಾಯಿಗೆ ತುಸು ಮೇಲೆ, ಭಾನುವಾರಕ್ಕೂ ಸೇರಿಸಿ. ಬರೀ ಈ ಬಡ್ಡಿ ತೀರಿಸಲೇ ಷೇರು ವರ್ಷಕ್ಕೆ ಶೇ 7.5 ಏರಬೇಕು.

ಇನ್ನು ಬೆಲೆ ಇಳಿದರೆ? ಷೇರುಗಳ ಆ ದಿನದ ಬೆಲೆಯಲ್ಲಿ ಶೇ 40ರಷ್ಟಾದರೂ ಮೇಷ್ಟ್ರ ಪಾಲು ಉಳಿದಿರಬೇಕು ಎಂದು ಬ್ರೋಕರ್ ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಈ ಪ್ರಮಾಣ ಷೇರಿನಿಂದ ಷೇರಿಗೆ ಬೇರೆ. ಬೆಲೆ ₹350ಕ್ಕೆ ಬಂದರೆ ಒಟ್ಟು ಮೌಲ್ಯ ಮೂರೂವರೆ ಲಕ್ಷ. ಸಾಲ ಹಾಗೇ ಇದೆ, ಎರಡೂವರೆ ಲಕ್ಷ. ಮೇಷ್ಟ್ರ ಪಾಲಿಗೆ ಉಳಿದದ್ದು ಒಂದು ಲಕ್ಷ, ಇರಬೇಕಾದದ್ದು ₹1.4 ಲಕ್ಷ. ‘₹40,000 ಕಟ್ಟಿ’ ಎಂದು ಸಂದೇಶ ಬರುತ್ತದೆ. ಇದೇ ಮಾರ್ಜಿನ್ ಕಾಲ್.

ಕಟ್ಟಲಾಗದಿದ್ದರೆ ₹40,000ದ ಷೇರು ಮಾರಿದರೆ ಆಯಿತಲ್ಲ ಎನ್ನಿಸುತ್ತದೆ. ಆಗುವುದಿಲ್ಲ. ಮೇಷ್ಟ್ರ ಬಳಿ ಉಳಿದ ಒಂದು ಲಕ್ಷ ಒಟ್ಟು ಮೌಲ್ಯದ ಶೇ 40 ಆಗಬೇಕಾದರೆ ಒಟ್ಟು ಮೌಲ್ಯ ಎರಡೂವರೆ ಲಕ್ಷಕ್ಕೆ ಇಳಿಯಬೇಕು. ಅಂದರೆ ಪೂರಾ ಒಂದು ಲಕ್ಷದ ಷೇರು, ಸುಮಾರು 286, ಅದೇ ₹350ರ ಬೆಲೆಗೆ ಹೋಗಬೇಕು. ಮುಂದೆ ಬೆಲೆ ಮತ್ತೆ ₹500 ಮುಟ್ಟಿತು ಅನ್ನಿ. ಉಳಿದ 714 ಷೇರಿನ ಬೆಲೆ ₹3.57 ಲಕ್ಷ, ಸಾಲ ಒಂದೂವರೆ ಲಕ್ಷ. ಷೇರು ಹೊರಟಲ್ಲಿಗೇ ಮರಳಿದೆ. ಮೇಷ್ಟ್ರ ಕೈಯಿಂದ ಮಾತ್ರ ₹43,000 ಹೋಗಿದೆ, ಬಡ್ಡಿ ಬೇರೆ. ಅವರು ಆರಿಸಿದ ಕಂಪನಿಯಲ್ಲಿ ತಪ್ಪೇನೂ ಇರಲಿಲ್ಲ.

2020ರಲ್ಲಿ ಆದದ್ದು ಇದೇ ಬಗೆಯದು. ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಂತು. ಆ ಒಂದೇ ದಿನ ಶೇ 13ರಷ್ಟು ಕುಸಿತ. ನವೆಂಬರ್ ಹೊತ್ತಿಗೆ ಹಳೆಯ ಎತ್ತರವನ್ನು ಮತ್ತೆ ಮುಟ್ಟಿತು. ಸ್ವಂತ ದುಡ್ಡಿನಲ್ಲಿ ಕೊಂಡವರು ಆ್ಯಪ್ ತೆರೆಯದೆ ಎಂಟು ತಿಂಗಳು ಕಳೆಯಬಹುದಿತ್ತು. ಸಾಲ ಇದ್ದವರಿಗೆ ಮಾರ್ಚಿನಲ್ಲೇ ದುಡ್ಡು ಹೊಂದಿಸಬೇಕಿತ್ತು, ಅದೂ ಸಂಬಳ ಬರುತ್ತದೋ ಇಲ್ಲವೋ ಎಂದು ಮನೆಮನೆಯಲ್ಲಿ ಆತಂಕ ಇದ್ದಾಗ. ಮಾರುಕಟ್ಟೆ ಹೊಯ್ದಾಡಿದಂತೆ ಮಾರ್ಜಿನ್ ಪ್ರಮಾಣವನ್ನೂ ಏರಿಸುತ್ತಾರೆ ಎಂಬುದು ಇದರ ಮೇಲಿನ ಪೆಟ್ಟು. ಶೇ 40 ಇದ್ದದ್ದು 50 ಆದರೆ ಬೆಲೆ ಒಂದು ರೂಪಾಯಿ ಇಳಿಯದೆಯೂ ಕಾಲ್ ಬರಬಹುದು.

ಇರುವ ಷೇರನ್ನು ಅಡ ಇಟ್ಟು, ಬಂದ ಸಾಲದಲ್ಲಿ ಮತ್ತಷ್ಟು ಷೇರು ಕೊಳ್ಳುವವರ ಸ್ಥಿತಿ ಇನ್ನೂ ಬಿಗಿ. ಹತ್ತು ಲಕ್ಷದ ಷೇರಿನ ಮೇಲೆ ಅರ್ಧದಷ್ಟು, ಐದು ಲಕ್ಷ ಸಾಲ ಸಿಕ್ಕಿತು ಅನ್ನಿ. ಅಡವಿಟ್ಟದ್ದು ಏಳು ಲಕ್ಷಕ್ಕೆ ಇಳಿದರೆ ಮೂರೂವರೆ ಲಕ್ಷಕ್ಕಿಂತ ಹೆಚ್ಚಿನ ಸಾಲಕ್ಕೆ ಅದು ಸಾಲದು. ಒಂದೂವರೆ ಲಕ್ಷ ತುಂಬಬೇಕು. ತುಂಬಲು ಮಾರೋಣವೆಂದರೆ ಹೊಸದಾಗಿ ಕೊಂಡದ್ದೂ ಅದೇ ಹೊತ್ತಿಗೆ ಬಿದ್ದಿರುತ್ತದೆ.

ಗುಂಡಿ ಒತ್ತುವ ಮುನ್ನ ಒಂದು ಭಾಗಾಕಾರ ಮಾಡಬಹುದು. ಸಾಲದ ಮೊತ್ತವನ್ನು, ಒಂದರಲ್ಲಿ ಮಾರ್ಜಿನ್ ಕಳೆದು ಉಳಿದದ್ದರಿಂದ ಭಾಗಿಸಿ. ಮೇಷ್ಟ್ರ ಲೆಕ್ಕದಲ್ಲಿ ಎರಡೂವರೆ ಲಕ್ಷವನ್ನು 0.6ರಿಂದ ಭಾಗಿಸಿದರೆ ಸುಮಾರು ₹4.17 ಲಕ್ಷ. ಸಾವಿರ ಷೇರಿಗೆ ಹಂಚಿದರೆ ₹417. ಬೆಲೆ ಅದಕ್ಕಿಂತ ಕೆಳಗಿಳಿದರೆ ಫೋನ್ ಬರುತ್ತದೆ. ₹500ರಿಂದ ಅಲ್ಲಿಗೆ ಶೇ 17ರಷ್ಟೂ ದೂರವಿಲ್ಲ. ಒಳ್ಳೆಯ ಕಂಪನಿಗಳ ಷೇರೂ ಸುಮ್ಮನೆ ಅಷ್ಟು ಇಳಿದು ಏರುತ್ತಿರುತ್ತದೆ. ಈಗಾಗಲೇ ಸಾಲದಲ್ಲಿ ಇರುವವರು ಆ ಬೆಲೆಗೆ ಬರುವ ಮೊದಲೇ ತಾವಾಗಿ ಒಂದಿಷ್ಟು ಮಾರಿ ಸಾಲ ಇಳಿಸಿಕೊಳ್ಳುವುದು ಲೇಸು. ಕೆಟ್ಟ ಸುದ್ದಿ ಬಂದು ಷೇರು ಲೋವರ್ ಸರ್ಕ್ಯೂಟಿಗೆ ಬಿದ್ದರೆ ಕೊಳ್ಳುವವರೇ ಇರುವುದಿಲ್ಲ, ಬ್ರೋಕರ್ ಕೂಡ ಮಾರಲಾರ. ದಿನದಿನವೂ ಹಾಗೇ ಬಿದ್ದು ಕೊನೆಗೆ ಮಾರಿದಾಗ ಸಾಲದಷ್ಟೂ ಬರದಿದ್ದರೆ, ಕಡಿಮೆ ಬಿದ್ದದ್ದನ್ನು ಮೇಷ್ಟ್ರೇ ಕೈಯಿಂದ ಕಟ್ಟಬೇಕು.