ಎಂಟುನೂರಕ್ಕೆ ವಿದಾಯ, ಲೈಫ್‌ಬಾಯ್‌ಗೆ ಮರುಹುಟ್ಟು

ಮಾರಾಟ ಇಳಿಯುತ್ತಿರುವ ಬ್ರಾಂಡ್ ಎದುರಿಗಿದ್ದಾಗ ಮೊದಲು ಕೇಳಬೇಕಾದದ್ದು, ಜನ ಬಿಟ್ಟುಹೋಗುತ್ತಿರುವುದು ಹೆಸರನ್ನೋ, ಸರಕನ್ನೋ ಎಂದು.

ಲೈಫ್‌ಬಾಯ್ ವಿಷಯದಲ್ಲಿ ಸರಕನ್ನು ಬಿಡುತ್ತಿದ್ದರು. ಕಾರ್ಬಾಲಿಕ್ ವಾಸನೆಯ ಆ ಗಟ್ಟಿ ಕೆಂಪು ಸೋಪು ಹಳತಾಗಿತ್ತು. ಆದರೆ ‘ಲೈಫ್‌ಬಾಯ್ ಅಂದರೆ ಆರೋಗ್ಯ’ ಎಂಬ ನಂಬಿಕೆ ಹಾಗೆಯೇ ಉಳಿದಿತ್ತು. ಹಿಂದುಸ್ತಾನ್ ಲೀವರ್ 2002ರಲ್ಲಿ ವಾಸನೆ ಬದಲಿಸಿತು, ಸೋಪನ್ನು ಮೆದುವಾಗಿಸಿತು, ಗಂಡಸರ ಸೋಪು ಎಂಬಂತಿದ್ದ ಜಾಹೀರಾತನ್ನು ಮನೆಮಂದಿಯ ಆರೋಗ್ಯದ ಕಡೆ ತಿರುಗಿಸಿತು. ಹೆಸರನ್ನು ಮಾತ್ರ ಮುಟ್ಟಲಿಲ್ಲ.

ಮಾರುತಿ 800ರ ಲೆಕ್ಕವೇ ಬೇರೆ. 1983ರಲ್ಲಿ ಬಂದ ಆ ಕಾರಿನ ಹೆಸರಿಗೆ ಕುಂದೇನೂ ಇರಲಿಲ್ಲ. ಆದರೆ ಅದೇ ಕಂಪನಿಯ ಆಲ್ಟೊ ಅದೇ ಗಿರಾಕಿಯನ್ನು ಸೆಳೆದುಕೊಂಡಿತ್ತು. ಹೊಗೆಯ ನಿಯಮಗಳು ಬಿಗಿಯಾದಾಗ ಹಳೆಯ ಎಂಜಿನ್ನಿಗೆ ಮತ್ತೆ ದುಡ್ಡು ಸುರಿಯಬೇಕಿತ್ತು. ಕೆಲಸಕ್ಕೆ ಬೇರೆ ಗಾಡಿ ಮನೆಯಲ್ಲೇ ಇರುವಾಗ ಆ ಖರ್ಚಿಗೆ ಅರ್ಥವಿರಲಿಲ್ಲ. ‘ಎಲ್ಲರಿಗೂ ಗೊತ್ತಿರುವ ಹೆಸರು’ ಎಂಬ ಒಂದೇ ಕಾರಣಕ್ಕೆ ಬ್ರಾಂಡ್ ಉಳಿಸಿಕೊಳ್ಳುವ ಕಂಪನಿಗಳು ಮುಗ್ಗರಿಸುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಹೆಸರು ಗೊತ್ತಿರುವವರೆಲ್ಲ ಅಂಗಡಿಗೆ ಬರುವುದಿಲ್ಲ.

ಮಾರುತಿ ಅಂಗಡಿ ಮುಚ್ಚಿದ ರೀತಿ ಗಮನಿಸಬೇಕಾದದ್ದು. 2010ರ ಏಪ್ರಿಲ್‌ನಲ್ಲಿ ಬಿಎಸ್-4 ನಿಯಮ ಜಾರಿಯಾದ 13 ನಗರಗಳಲ್ಲಿ 800ರ ಮಾರಾಟ ನಿಂತಿತು. ಅವುಗಳಲ್ಲಿ ಬೆಂಗಳೂರೂ ಒಂದು. ಸಣ್ಣ ಊರುಗಳಲ್ಲಿ ವ್ಯಾಪಾರ ಮುಂದುವರಿಯಿತು. 2012ರ ಅಕ್ಟೋಬರಿನಲ್ಲಿ ಹೊಸ ಕಾರೊಂದು ಬಂತು, ಹೆಸರು ಆಲ್ಟೊ 800. ಹಳೆಯ ಕಾರು ಇನ್ನೂ ತಯಾರಾಗುತ್ತಿರುವಾಗಲೇ ಅದರ ಅಂಕಿ ತಮ್ಮನ ಪಾಲಾಗಿತ್ತು. ಉತ್ಪಾದನೆ ನಿಂತದ್ದು 2014ರ ಜನವರಿಯಲ್ಲಿ. ಬಿಡಿಭಾಗಗಳು ಮುಂದೆಯೂ ವರ್ಷಗಟ್ಟಲೆ ಸಿಗುತ್ತವೆ ಎಂದು ಕಂಪನಿ ಭರವಸೆ ಕೊಟ್ಟಿತು. ಅದಿಲ್ಲದಿದ್ದರೆ ರಸ್ತೆಯ ಮೇಲಿದ್ದ ಲಕ್ಷಾಂತರ ಗಾಡಿಗಳ ಸೆಕೆಂಡ್‌ಹ್ಯಾಂಡ್ ಬೆಲೆ ಕುಸಿದು, ಮಾಲೀಕರ ಸಿಟ್ಟು ಆಲ್ಟೊ ಮೇಲೂ ತಿರುಗುತ್ತಿತ್ತು.

ಈ ಅನುಕ್ರಮ ತಪ್ಪಿದರೆ ಕೆಡುವುದು ಬೇಗ. ಬದಲಿ ಸರಕು ಅಂಗಡಿಗೆ ಬರುವ ಮೊದಲೇ ಹಳೆಯದನ್ನು ನಿಲ್ಲಿಸಿದರೆ ಗಿರಾಕಿ ಎದುರಾಳಿಯ ಬಾಗಿಲಿಗೆ ಹೋಗುತ್ತಾನೆ. ಡೀಲರ್ ಬಳಿ ಎಷ್ಟು ಸ್ಟಾಕ್ ಇದೆ ಎಂದು ನೋಡದೆ ಸುದ್ದಿ ಹೊರಡಿಸಿದರೆ ಅವನು ಸಿಕ್ಕಿದ ಬೆಲೆಗೆ ಮಾರುತ್ತಾನೆ, ಆ ಅಗ್ಗದ ಬೆಲೆ ಪಕ್ಕದಲ್ಲಿರುವ ಹೊಸ ಸರಕನ್ನೂ ಕೆಳಗೆಳೆಯುತ್ತದೆ. ಆದ್ದರಿಂದ ಮೊದಲು ಜಾಹೀರಾತು ನಿಲ್ಲಿಸಿ, ಆಮೇಲೆ ಪೂರೈಕೆ ಇಳಿಸಿ, ಸ್ಟಾಕ್ ಕರಗುತ್ತಾ ಬಂದ ಮೇಲೆ ಘೋಷಿಸುವುದು ವಾಸಿ.

ಕೊನೆಗೆ ಉಳಿಯುವುದು ಹೆಸರಿನ ಹಕ್ಕು. ‘ಮುಂದೆ ಬೇಕಾದೀತು’ ಎಂದು ಕಪಾಟಿನಲ್ಲಿಟ್ಟು ಮರೆಯುವಂತಿಲ್ಲ. ನೋಂದಾಯಿತ ಟ್ರೇಡ್‌ಮಾರ್ಕನ್ನು ಸತತ ಐದು ವರ್ಷ ಬಳಸದಿದ್ದರೆ, ಅದರಿಂದ ಬಾಧಿತರಾದವರು ನೋಂದಣಿಯಿಂದ ತೆಗೆಸಲು ಅರ್ಜಿ ಹಾಕಬಹುದು. ಇನ್ನೊಬ್ಬರಿಗೆ ಮಾರುವುದಿದ್ದರೆ ಆ ಗಡುವಿಗೆ ಮುಂಚೆಯೇ, ಗಿರಾಕಿಯ ನೆನಪಿನಲ್ಲಿ ಹೆಸರಿಗೆ ಬೆಲೆಯಿರುವಾಗಲೇ ಮಾರಬೇಕು.