ಎರಡು ದಿಕ್ಕಿಗೆ ಏರು, ಮೂರನೆಯದಕ್ಕೆ ಇಳಿಜಾರು

f = x² + 3xy + y² ಎಂಬ ಪುಟ್ಟ ಸೂತ್ರವನ್ನು ಒಂದು ಭೂಪ್ರದೇಶ ಎಂದುಕೊಳ್ಳೋಣ. x ಪೂರ್ವ-ಪಶ್ಚಿಮದ ದೂರ, y ಉತ್ತರ-ದಕ್ಷಿಣದ ದೂರ, f ಆ ಜಾಗದ ಎತ್ತರ. ಎರಡೂ ಸೊನ್ನೆಯಾಗಿರುವ ನಡುಬಿಂದುವಿನಲ್ಲಿ ನೆಲ ಸಮತಟ್ಟು. ಅಲ್ಲಿ ಯಾವ ಕಡೆಗೂ ಇಳಿಜಾರಿಲ್ಲ. ಅಲ್ಲಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಹೊರಟರೆ ಎತ್ತರ x², ಅಂದರೆ ಏರು. ಉತ್ತರಕ್ಕೋ ದಕ್ಷಿಣಕ್ಕೋ ಹೊರಟರೆ y², ಅದೂ ಏರು. ನಾಲ್ಕು ದಿಕ್ಕಿಗೂ ಏರುವ ಜಾಗ ತಗ್ಗಿನ ತಳವೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ.

ಆದರೆ ವಾಯವ್ಯಕ್ಕೆ ತಿರುಗಿದರೆ ಕಥೆ ಬೇರೆ. x = −0.5, y = 0.5 ಎಂಬಲ್ಲಿ ಎತ್ತರ 0.25 − 0.75 + 0.25, ಅಂದರೆ −0.25. ನಡುಬಿಂದುವಿಗಿಂತ ಅದು ಕೆಳಗಿದೆ. ಆಗ್ನೇಯಕ್ಕೆ ಹೋದರೂ ಹೀಗೆಯೇ ಇಳಿಯುತ್ತದೆ. ತಳವೆಂದು ತೋರಿದ ಜಾಗ ತಳವಲ್ಲ. ಕುದುರೆಯ ಜೀನಿನ ನಡುಭಾಗ ಹಿಂದೆ ಮುಂದೆ ಏರಿ ಎಡಬಲಕ್ಕೆ ಇಳಿಯುವಂತೆ, ಈ ನೆಲವೂ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ. ಗಣಿತದವರು ಇದನ್ನು ಸ್ಯಾಡಲ್ ಪಾಯಿಂಟ್ ಎನ್ನುವುದು ಅದಕ್ಕೇ.

ಒಂದೇ ಚರವಿರುವ ಲೆಕ್ಕದಲ್ಲಿ ಈ ತೊಡಕಿಲ್ಲ. ಇಳಿಜಾರು ಸೊನ್ನೆಯಾದ ಕಡೆ ಎರಡನೆಯ ಡೆರಿವೇಟಿವ್ ಧನವಾಗಿದ್ದರೆ ತಗ್ಗು, ಋಣವಾಗಿದ್ದರೆ ಶಿಖರ; ಪಿಯುಸಿ ಓದಿದವರಿಗೆ ಇದು ಗೊತ್ತು. ಎರಡು ಚರಗಳು ಬಂದಾಗ ಎರಡನೆಯ ಡೆರಿವೇಟಿವ್‌ಗಳು ಮೂರಾಗುತ್ತವೆ. ಪೂರ್ವ-ಪಶ್ಚಿಮದ ಬಾಗನ್ನು fxx ಹೇಳುತ್ತದೆ, ಉತ್ತರ-ದಕ್ಷಿಣದ ಬಾಗನ್ನು fyy ಹೇಳುತ್ತದೆ. ಮೂರನೆಯದಾದ fxy ಹೇಳುವುದು ಬೇರೆಯೇ ಸಂಗತಿ: ಉತ್ತರಕ್ಕೆ ಸರಿದಂತೆ ಪೂರ್ವದ ಇಳಿಜಾರು ಎಷ್ಟು ಬದಲಾಗುತ್ತದೆ ಎಂಬುದು. ನೆಲದ ತಿರುಚು ಅದರಲ್ಲಿದೆ. ನಮ್ಮ ಉದಾಹರಣೆಯಲ್ಲಿ fxx = 2, fyy = 2, fxy = 3. ಎರಡೂ ಬಾಗುಗಳಿಗಿಂತ ತಿರುಚೇ ಜೋರಾಗಿದೆ, ಮೋಸವಾದದ್ದು ಅಲ್ಲಿಯೇ.

ತಿರುಚು ಎಷ್ಟಿದ್ದರೆ ಹೆಚ್ಚಾಯಿತು? ಶಾಲೆಯಲ್ಲಿ ಕಲಿತ ವರ್ಗ ಪೂರ್ಣಗೊಳಿಸುವ ವಿಧಾನವೇ ಇದಕ್ಕೆ ಉತ್ತರ ಕೊಡುತ್ತದೆ. ಸಮತಟ್ಟಾದ ಬಿಂದುವಿನಿಂದ ಪೂರ್ವಕ್ಕೆ h, ಉತ್ತರಕ್ಕೆ k ಎಂಬಷ್ಟು ಪುಟ್ಟ ಹೆಜ್ಜೆ ಇಟ್ಟಾಗ ಎತ್ತರದಲ್ಲಾಗುವ ಬದಲಾವಣೆ ಸುಮಾರಾಗಿ Ah² + 2Bhk + Ck² ಎಂಬುದರ ಅರ್ಧ. ಇಲ್ಲಿ A ಎಂದರೆ fxx, B ಎಂದರೆ fxy, C ಎಂದರೆ fyy. A ಸೊನ್ನೆಯಲ್ಲದಿದ್ದರೆ ಇದನ್ನು ಹೀಗೆ ಬರೆಯಬಹುದು:

A(h + Bk/A)² + ((AC − B²)/A)k²

ವರ್ಗಗಳು ಎಂದೂ ಋಣವಾಗುವುದಿಲ್ಲ. ಹಾಗಾಗಿ AC − B² ಧನವಾಗಿದ್ದರೆ ಎರಡು ಭಾಗಗಳೂ A ಯ ಚಿಹ್ನೆಯನ್ನೇ ಹಿಡಿಯುತ್ತವೆ. A ಧನವಾದರೆ ಎಲ್ಲ ದಿಕ್ಕಿಗೂ ಏರು, ಬಿಂದು ತಗ್ಗಿನ ತಳ. A ಋಣವಾದರೆ ಎಲ್ಲ ದಿಕ್ಕಿಗೂ ಇಳಿಜಾರು, ಬಿಂದು ಶಿಖರ. AC − B² ಋಣವಾಗಿದ್ದರೆ ಎರಡು ಭಾಗಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ, ಸ್ಯಾಡಲ್ ಹುಟ್ಟುತ್ತದೆ. ಇಡೀ ಪರೀಕ್ಷೆ ಇಷ್ಟೇ. ಪಠ್ಯಪುಸ್ತಕಗಳಲ್ಲಿ ನಿಯಮದ ಸಾಲುಗಳಷ್ಟೇ ಕಂಠಪಾಠವಾಗಿ, ಈ ಒಂದು ಸಾಲಿನ ಬೀಜಗಣಿತ ಮರೆಯಾಗುವುದು ದುಃಖದ ಸಂಗತಿ. ಇದನ್ನು ಕಂಡವರಿಗೆ ನಿಯಮವನ್ನು ನೆನಪಿಡುವ ಕಷ್ಟವೇ ಇರುವುದಿಲ್ಲ.

ಇಂಥ ಷರತ್ತುಗಳನ್ನು 1759ರಲ್ಲಿ ಪ್ರಕಟಿಸಿದವನು ಇಟಲಿಯ ಟ್ಯೂರಿನ್ ನಗರದ ಲಗ್ರಾಂಜ್. ಆಗ ಅವನಿಗೆ 23 ವರ್ಷ. ಆ ಮೂರು ಸಂಖ್ಯೆಗಳನ್ನು ಮೇಲಿನ ಸಾಲಿನಲ್ಲಿ A, B, ಕೆಳಗಿನ ಸಾಲಿನಲ್ಲಿ B, C ಎಂದು ಚೌಕವಾಗಿ ಜೋಡಿಸಿದರೆ ಸಿಗುವುದೇ ಹೆಸಿಯನ್ ಮ್ಯಾಟ್ರಿಕ್ಸ್. AC − B² ಅದರ ಡಿಟರ್ಮಿನಂಟ್. ಹೆಸರು ಬಂದದ್ದು ಲಗ್ರಾಂಜ್‌ನಿಂದಲ್ಲ, 1811ರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದ ಜರ್ಮನ್ ಗಣಿತಜ್ಞ ಲುಡ್ವಿಗ್ ಓಟ್ಟೋ ಹೆಸ್ಸೆಯಿಂದ. ಅವನು ಈ ಡಿಟರ್ಮಿನಂಟನ್ನು ಬಳಸಿದ್ದು ವಕ್ರರೇಖೆಗಳ ಅಧ್ಯಯನಕ್ಕೆ. ಅದಕ್ಕೆ ಅವನ ಹೆಸರಿಟ್ಟವನು ಇಂಗ್ಲೆಂಡಿನ ಸಿಲ್ವೆಸ್ಟರ್.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡಬಹುದು. f = x³ + y³ − 3xy. ಇದರ ಎರಡು ಇಳಿಜಾರುಗಳು 3x² − 3y ಮತ್ತು 3y² − 3x. ಎರಡೂ ಒಟ್ಟಿಗೆ ಸೊನ್ನೆಯಾಗಬೇಕಾದರೆ y = x² ಮತ್ತು x = y² ಆಗಬೇಕು. ಇವೆರಡಕ್ಕೂ ಹೊಂದುವುದು (0, 0) ಮತ್ತು (1, 1) ಮಾತ್ರ. ಎರಡನೆಯ ಸುತ್ತಿನಲ್ಲಿ fxx = 6x, fyy = 6y, fxy = −3; ಡಿಟರ್ಮಿನಂಟ್ 36xy − 9. ಮೊದಲ ಬಿಂದುವಿನಲ್ಲಿ ಅದು −9, ಆದ್ದರಿಂದ ಸ್ಯಾಡಲ್. ಎರಡನೆಯದರಲ್ಲಿ 27, fxx ಕೂಡ 6, ಹಾಗಾಗಿ ತಗ್ಗಿನ ತಳ. ಅಲ್ಲಿಯ ಎತ್ತರ −1. ಆದರೆ ಇದು ಇಡೀ ಪ್ರದೇಶದ ಅತ್ಯಂತ ತಗ್ಗು ಜಾಗವೇನಲ್ಲ. x = −10, y = 0 ಎಂಬಲ್ಲಿ ಎತ್ತರ −1000. ಹೆಸಿಯನ್‌ಗೆ ಕಾಣುವುದು ಬಿಂದುವಿನ ಅಕ್ಕಪಕ್ಕದ ನೆಲವಷ್ಟೇ.

ಡಿಟರ್ಮಿನಂಟ್ ಸೊನ್ನೆಯಾದರೆ ಅಕ್ಕಪಕ್ಕದ ಬಗ್ಗೆಯೂ ಅದು ತೀರ್ಪು ಕೊಡಲಾರದು. x⁴ + y⁴ ಎಂಬುದಕ್ಕೂ x⁴ − y⁴ ಎಂಬುದಕ್ಕೂ ಮೂಲಬಿಂದುವಿನಲ್ಲಿ ಹೆಸಿಯನ್ ಒಂದೇ: ನಾಲ್ಕೂ ಮನೆಗಳಲ್ಲಿ ಸೊನ್ನೆ. ಆದರೆ ಮೊದಲನೆಯದು ತಗ್ಗಿನ ತಳ, ಎರಡನೆಯದು ಸ್ಯಾಡಲ್. ಹಾಗಿದ್ದರೆ ಬಿಂದುವಿನ ಮೂಲಕ ಹಾಯುವ ಪ್ರತಿಯೊಂದು ಸರಳರೇಖೆಯ ಮೇಲೂ ನಡೆದು ನೋಡಿದರೆ ಸಾಲದೆ? ಎಲ್ಲ ರೇಖೆಗಳ ಮೇಲೂ ಏರು ಕಂಡರೆ ಅದು ತಳ ಎನ್ನಬಹುದಲ್ಲ? ಇದು ಎಷ್ಟು ಸಹಜವಾಗಿ ಕಾಣುತ್ತದೆಂದರೆ ಹತ್ತೊಂಬತ್ತನೆಯ ಶತಮಾನದ ಒಳ್ಳೆಯ ಪಠ್ಯಪುಸ್ತಕಗಳೂ ಇಲ್ಲಿ ಎಡವಿದ್ದವು.

ಅದನ್ನು ಬಯಲಿಗೆಳೆದವನು ಟ್ಯೂರಿನ್ ವಿಶ್ವವಿದ್ಯಾಲಯದ ಯುವ ಗಣಿತಜ್ಞ ಜ್ಯುಸೆಪ್ಪೆ ಪಿಯಾನೋ, 1884ರಲ್ಲಿ, ತನ್ನ ಗುರು ಜೆನೊಕ್ಕಿಯ ಹೆಸರಿನಲ್ಲಿ ಹೊರತಂದ ಕಲನಶಾಸ್ತ್ರದ ಪುಸ್ತಕದಲ್ಲಿ. ಅವನು ಕೊಟ್ಟ ಬಗೆಯ ಉದಾಹರಣೆಯ ಒಂದು ಸರಳ ರೂಪ ಇದು:

f = (y − x²)(y − 3x²)

ಮೂಲಬಿಂದುವಿನಲ್ಲಿ fxx = 0, fxy = 0, fyy = 2; ಡಿಟರ್ಮಿನಂಟ್ ಸೊನ್ನೆ. ಈಗ y = mx ಎಂಬ ಯಾವುದೇ ರೇಖೆಯ ಮೇಲೆ ನಡೆದರೆ f = x²(m − x)(m − 3x). m ಸೊನ್ನೆಯಲ್ಲದಿದ್ದರೆ, x ತೀರಾ ಚಿಕ್ಕದಿರುವಷ್ಟು ಕಾಲ ಇದು ಧನ. ಎರಡು ಅಕ್ಷಗಳ ಮೇಲೂ ಏರೇ. ಪ್ರತಿ ಸರಳರೇಖೆಯೂ ತಳವೆಂದೇ ಸಾಕ್ಷಿ ಹೇಳುತ್ತದೆ. ಆದರೆ y = 2x² ಎಂಬ ಬಾಗಿದ ದಾರಿ ಹಿಡಿದರೆ f = (x²)(−x²) = −x⁴. ಮೊದಲ ಹೆಜ್ಜೆಯಿಂದಲೇ ಇಳಿಜಾರು.

ಹೀಗಾಗುವುದು ಹೇಗೆ? y = x² ಮತ್ತು y = 3x² ಎಂಬ ಎರಡು ಪ್ಯಾರಾಬೋಲಗಳ ನಡುವಿನ ಸಣ್ಣ ಪಟ್ಟಿಯಲ್ಲಿ ಮಾತ್ರ ನೆಲ ಸೊನ್ನೆಗಿಂತ ಕೆಳಗಿದೆ. ಆ ಪಟ್ಟಿ ಮೂಲಬಿಂದುವನ್ನು ಸಮೀಪಿಸಿದಂತೆ x ಅಕ್ಷದತ್ತ ಒರಗುತ್ತಾ ತೆಳುವಾಗುತ್ತದೆ. ಸರಳರೇಖೆ ಎಷ್ಟೇ ಮಟ್ಟಸವಾಗಿ ಮಲಗಿದ್ದರೂ ಪಟ್ಟಿಯನ್ನು ಮುಟ್ಟುವ ಮುನ್ನ ಸ್ವಲ್ಪ ದೂರ ಹೊರಗೇ ಉಳಿಯುತ್ತದೆ: m = 0.3 ಆದರೆ x = 0.1ರವರೆಗೆ, m = 0.03 ಆದರೆ 0.01ರವರೆಗೆ. ಸುರಕ್ಷಿತ ದೂರ ರೇಖೆಯಿಂದ ರೇಖೆಗೆ ಕುಗ್ಗುತ್ತಲೇ ಹೋಗುತ್ತದೆ. ಎಲ್ಲಕ್ಕೂ ಹೊಂದುವ ಒಂದೇ ದೂರ ಇಲ್ಲವೇ ಇಲ್ಲ. ಡಿಟರ್ಮಿನಂಟ್ ಧನವಾಗಿದ್ದಾಗ ಅಂಥದೊಂದು ದೂರ ಇದ್ದೇ ಇರುತ್ತದೆ. ಪರೀಕ್ಷೆಯ ಬಲ ಅದರಲ್ಲಿದೆ.

ಹಾಗಾಗಿ ಸೊನ್ನೆ ಬಂದಾಗ ಮಾಡಬೇಕಾದ್ದು, f ಎಲ್ಲಿ ಸೊನ್ನೆಯಾಗುತ್ತದೆ ಎಂಬ ರೇಖೆಗಳನ್ನು ಬಿಡಿಸಿ, ಅವುಗಳ ನಡುವಿನ ಒಂದೊಂದು ತುಂಡಿನಲ್ಲೂ ಚಿಹ್ನೆ ಏನೆಂದು ನೋಡುವುದು. ಸೂತ್ರದ ಗುಣಾಂಕಗಳು ಅಳತೆಯಿಂದ ಬಂದಿದ್ದರೆ ಇನ್ನೊಂದು ಎಚ್ಚರಿಕೆಯೂ ಬೇಕು. ಪಿಯಾನೋ ಬಗೆಯ ಈ ಸೂತ್ರಕ್ಕೆ 0.01x² ಸೇರಿಸಿದರೆ ಡಿಟರ್ಮಿನಂಟ್ 0.04 ಆಗಿ ಮೂಲಬಿಂದು ತಗ್ಗಿನ ತಳವಾಗುತ್ತದೆ. ಅಷ್ಟನ್ನೇ ಕಳೆದರೆ −0.04 ಆಗಿ ಸ್ಯಾಡಲ್ ಆಗಿಯೇ ಉಳಿಯುತ್ತದೆ, ಮತ್ತು ಈ ಸಲ x ಅಕ್ಷದ ಮೇಲೆ ನೇರ ನಡೆದವರಿಗೂ ಇಳಿಜಾರು ಕಾಣುತ್ತದೆ.